ಹಳೆ ಕಟ್ಟಡ: ಹ್ಯಾಮರ್ 24 ಅಂತದ, ಕೋರ್ 13 ಅಂತದ. ಯಾವುದನ್ನ ನಂಬೋದು?

ಗಚ್ಚಿನಮನಿ_ವಿಜಾಪುರ
ಎಲ್ಲಾರಿಗೂ ನಮಸ್ಕಾರ್ರಿ. ವಿಜಯಪುರದಾಗ ನಮ್ಮದು 1987ರ ಕಟ್ಟಡ ಅದ. ಕೆಳಗ ಅಂಗಡಿ, ಮ್ಯಾಲೆ ಮನಿ, 12 ಕಾಲಂ. ಈಗ ಇನ್ನೊಂದು ಮಾಳಿಗಿ ಏರಿಸಬೇಕಂತ ಅದ. ಎಂಜಿನಿಯರ್ ಒಬ್ಬರು ಬಂದು ಕೆಳಗಿನ 12 ಕಾಲಂಗೂ ರಿಬೌಂಡ್ ಹ್ಯಾಮರ್ ಹೊಡದು ಸರಾಸರಿ 24 ಎಂಪಿಎ, "ಎಂ20ಕ್ಕಿಂತ ಚಲೋ ಅದ, ಏರಸ್ರಿ" ಅಂತ ಬರದು ಕೊಟ್ಟಾರ. ನಮ್ಮ ತಮ್ಮಗ ನಂಬಿಕಿ ಬರಲಿಲ್ಲ, ಮೂರು ಕಾಲಂದಾಗ ಕೋರ್, ಅಂದ್ರ ಕಾಂಕ್ರೀಟಿನ ದುಂಡನ ತುಂಡು, ಕೊರದು ತಗಸಿದ. ಲ್ಯಾಬಿನ ಹಾಳಿ ಮ್ಯಾಲೆ ಬಂದದ್ದು 13.1, 10.4, 15.8. ಹಳೆ ನಕ್ಷೆ ಮ್ಯಾಲೆ 1:2:4 ಅಂತ ಅದ, ಅಂದ್ರ ಎಂ15 ಅಂತಾರ. ಹ್ಯಾಮರ್ ನಂಬಿದ್ರ ಮನಿ ಏಳತದ, ಕೋರ್ ನಂಬಿದ್ರ ಈಗಿದ್ದದ್ದೇ ನಿಂತದ್ದು ಪುಣ್ಯ ಅನಿಸ್ತದ. ಯಾವುದು ಖರೇ?

ಖಡಿ_ಮಷಿನ್
ಕೋರ್ ಅಂದ್ರ ಕೋರ್. ಹ್ಯಾಮರ್ ಬರೇ ಮೈ ತಟ್ಟಿ ನೋಡತದ, ಒಳಗಿಂದು ಅದಕ್ಕೇನ ಗೊತ್ತು. 10.4 ಬಂದದ ಅಂದ್ರ ಎಂ15 ಫೇಲ್. ಮಾಳಿಗಿ ವಿಚಾರ ಬಿಡ್ರಿ.

ಟೀ_ಬ್ರೇಕ್
ಹ್ಯಾಮರ್ ಹೊಡಿಯೋವಾಗ ಗಿಲಾವು ತಗದಿದ್ರೋ, ಗಿಲಾವು ಮ್ಯಾಲೇ ಹೊಡದ್ರೋ?

ಗಚ್ಚಿನಮನಿ_ವಿಜಾಪುರ
ಒಂದೊಂದು ಕಾಲಂಗೂ ಒಂದು ಫೂಟ್ ಚೌಕ ಗಿಲಾವು ಒಡದು, ಕಲ್ಲು ಹಚ್ಚಿ ತಿಕ್ಕಿ ಹೊಡದಾರ. ಅದು ಸರಿಯಾಗೇ ಮಾಡ್ಯಾರ ಅನಿಸ್ತದ.

ಬೆಳಗಾವಿ_ಸ್ಟ್ರಕ್ಚರಲ್
ಮೊದಲು ಒಂದು ಮಾತು. 13.1, 10.4, 15.8 ಇವು ಲ್ಯಾಬಿನವರು ಲೋಡನ್ನು ಕೋರಿನ ಕ್ಷೇತ್ರಫಲದಿಂದ ಭಾಗಿಸಿದ ಕಚ್ಚಾ ಅಂಕಿ ಇರಬೇಕು. ಎಂ15 ಎನ್ನುವುದು 150 ಮಿಮೀ ಕ್ಯೂಬಿನ ಲೆಕ್ಕ. ಎರಡನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ. ವರದಿಯಲ್ಲಿ ಪ್ರತಿ ಕೋರಿನ ವ್ಯಾಸ, ಕ್ಯಾಪಿಂಗ್ ಆದಮೇಲಿನ ಉದ್ದ, ಒಡೆದ ಲೋಡ್ ಕೊಟ್ಟಿರುತ್ತಾರೆ. ಅವನ್ನು ಇಲ್ಲಿ ಹಾಕಿ. ಜೊತೆಗೆ ಪ್ರತಿ ಕೋರ್ ಕಾಲಮಿನ ಯಾವ ಎತ್ತರದಲ್ಲಿ ತೆಗೆದದ್ದು, ಅದೇ ಜಾಗದಲ್ಲಿ ಹ್ಯಾಮರ್ ಚಾರ್ಟ್ ಎಷ್ಟು ತೋರಿಸಿತ್ತು, ಅದನ್ನೂ ಹೇಳಿ. ಆಮೇಲೆ ಮಾತಾಡೋಣ.

@ಖಡಿ_ಮಷಿನ್ ಅವರೇ, ಫೇಲ್ ಎನ್ನಲು ಇಷ್ಟು ಅವಸರ ಬೇಡ.

ಎರಿಹೊಲ
ನಮ್ಮ ಮನಿಗೂ ಹಿಂಗ ಆಗೇದ್ರಿ. ಗ್ವಾಡಿ ತುಂಬ ಸೀಳು ಬಿಟ್ಟಾವ, ಬ್ಯಾಸಗಿಗೆ ಬೆರಳು ಹೋಗೂವಷ್ಟು ಅಗಲ, ಮಳಿಗಾಲಕ್ಕ ಕೂಡತಾವ. ಹ್ಯಾಮರ್ ಹೊಡಸಿದ್ರ ಕಾರಣ ಗೊತ್ತಾಗತದೇನು?

ಟೀ_ಬ್ರೇಕ್
ಅದು ನಿಮ್ಮ ಎರಿ ಮಣ್ಣಿನ ಆಟ್ರಿ. ನೀರು ಕುಡದಾಗ ಉಬ್ಬತದ, ಒಣಗಿದಾಗ ಕುಗ್ಗತದ. ಹ್ಯಾಮರಿಗೂ ಅದಕ್ಕೂ ಸಂಬಂಧ ಇಲ್ಲ. ಬ್ಯಾರೆ ಥ್ರೆಡ್ ಹಚ್ಚ್ರಿ.

ಗಚ್ಚಿನಮನಿ_ವಿಜಾಪುರ
ಸರ, ವರದಿ ನೋಡಿ ಬರದೀನಿ. ಎಲ್ಲಾ ಕೋರ್ ವ್ಯಾಸ 69 ಮಿಮೀ.
ಕೋರ್ ಎ: ಉದ್ದ 104, ಲೋಡ್ 49 ಕಿಲೋನ್ಯೂಟನ್. ಕಾಲಂ ನಡುವ, ನೆಲದಿಂದ ಸುಮಾರು ಒಂದೂವರಿ ಮೀಟರ್. ಅಲ್ಲಿ ಹ್ಯಾಮರ್ 23.
ಕೋರ್ ಬಿ: ಉದ್ದ 76, ಲೋಡ್ 39. ಬೀಮಿನ ಕೆಳಗ, ಒಂದು ಗೇಣಿನಷ್ಟು ಬಿಟ್ಟು. ಹ್ಯಾಮರ್ 19. ಇದರಾಗ ರಿಂಗ್ ರಾಡಿನ ತುಂಡು ಬಂದಿತ್ತು, ಅದನ್ನ ಕೊಯ್ದು ತಗದಾರ.
ಕೋರ್ ಸಿ: ಉದ್ದ 138, ಲೋಡ್ 59. ನೆಲದಿಂದ ಅರ್ಧ ಮೀಟರ್ ಮ್ಯಾಲೆ. ಹ್ಯಾಮರ್ 28.
ಕಾಲಂ ಎಲ್ಲಾ 230×380.

ಬೆಳಗಾವಿ_ಸ್ಟ್ರಕ್ಚರಲ್
ಚೆನ್ನಾಗಿ ಕೊಟ್ಟಿದ್ದೀರಿ. ಈಗ ಲೆಕ್ಕ.

69 ಮಿಮೀ ವ್ಯಾಸದ ಕ್ಷೇತ್ರಫಲ 3739 ಚದರ ಮಿಮೀ. ಕೋರ್ ಎ: 49000 ಭಾಗಿಸು 3739 ಅಂದರೆ 13.1, ನಿಮ್ಮ ಹಾಳೆಯ ಅಂಕಿಯೇ. ಕೋರ್ ಗಿಡ್ಡ ಇದ್ದಷ್ಟೂ ಮಷಿನ್ನಿನ ಪ್ಲೇಟುಗಳು ಅದರ ಎರಡೂ ತುದಿಯನ್ನು ಬಿಗಿಯಾಗಿ ಹಿಡಿಯುತ್ತವೆ, ಅದು ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಅದಕ್ಕೇ ಐಎಸ್ 516ರಲ್ಲಿ ಉದ್ದ-ವ್ಯಾಸದ ಅನುಪಾತಕ್ಕೆ ಗುಣಕ ಕೊಟ್ಟಿದ್ದಾರೆ:

```
F = 0.11 × (L/D) + 0.78
```

ಅನುಪಾತ 2 ಇದ್ದರೆ ಗುಣಕ 1, ಅನುಪಾತ 1 ಇದ್ದರೆ 0.89. ಕೋರ್ ಎ ಅನುಪಾತ 1.51, ಗುಣಕ 0.946, ಆಗ 12.4. ಇದು ಸಿಲಿಂಡರಿನ ಬಲ. ಕ್ಯೂಬಿಗೆ ತರಲು 1.25ರಿಂದ ಗುಣಿಸಬೇಕು: 15.5.

ಹಾಗೆಯೇ ಕೋರ್ ಬಿ: 10.4 × 0.90 × 1.25 = 11.7. ಕೋರ್ ಸಿ ಅನುಪಾತ ಸರಿಯಾಗಿ 2, ಹಾಗಾಗಿ 15.8 × 1.25 = 19.7.

ಸರಾಸರಿ 15.6. ಕೋರಿನ ವ್ಯಾಸ ಚಿಕ್ಕದಿದ್ದರೆ ಇನ್ನೊಂದು ಸಣ್ಣ ಗುಣಕ ಬರುತ್ತದೆ, ಅದು ಕೆಲವೇ ಶೇಕಡಾ ಏರಿಸುತ್ತದೆ. ನಾನು ಹಾಕಿಲ್ಲ. ಅಂದರೆ ನಿಮ್ಮ ಜಗಳ 24ಕ್ಕೂ 13ಕ್ಕೂ ಅಲ್ಲ, ಸುಮಾರು 24ಕ್ಕೂ 15-16ಕ್ಕೂ.

ಖಡಿ_ಮಷಿನ್
ಹಂಗಾದ್ರ ಪಾಸ್ ಆತಲ್ರಿ! ಐಎಸ್ 456ರಾಗ ಕೋರ್ ಸರಾಸರಿ ಗ್ರೇಡಿನ ಶೇಕಡಾ 85 ಇರಬೇಕು, ಯಾವುದೂ ಶೇಕಡಾ 75ಕ್ಕಿಂತ ಕಡಿಮಿ ಇರಬಾರದು. ಎಂ15ಕ್ಕ 12.75 ಮತ್ತ 11.25. ಸರಾಸರಿ 15.6, ಕಡಿಮಿ ಅಂದ್ರ 11.7. ಎರಡೂ ದಾಟ್ಯಾವ. ಏರಸ್ರಿ ಮಾಳಿಗಿ.

ಬೆಳಗಾವಿ_ಸ್ಟ್ರಕ್ಚರಲ್
ಅಂಕಿ ಸರಿ, ಬಳಕೆ ತಪ್ಪು. ಆ 85-75 ನಿಯಮ ಇರುವುದು ಹೊಸ ಕೆಲಸದಲ್ಲಿ ಕ್ಯೂಬ್ ಫೇಲಾದಾಗ ಕಾಂಕ್ರೀಟ್ ಒಪ್ಪಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು. ಗುತ್ತಿಗೆದಾರ ಕೊಟ್ಟ ಮಾಲು ಎಂ15 ಹೌದೋ ಅಲ್ಲವೋ ಎನ್ನುವ ಪ್ರಶ್ನೆಗೆ ಅದು ಉತ್ತರ. ಇಲ್ಲಿ ಪ್ರಶ್ನೆಯೇ ಬೇರೆ: ಈ ಕಾಲಂಗಳು ಹೊಸ ಮಾಳಿಗೆಯ ಭಾರ ಹೊರುತ್ತವೆಯೇ? ಅದಕ್ಕೆ ಈಗ ಇರುವ ಬಲ ಹಿಡಿದು ಪ್ರತಿ ಕಾಲಮಿನ ಲೆಕ್ಕ ಮಾಡಬೇಕು. "ಎಂ15 ಪಾಸ್" ಎಂದರೆ ಮೂರನೇ ಮಾಳಿಗೆ ಪಾಸ್ ಎಂದಲ್ಲ, 1987ರಲ್ಲಿ ಎರಡೇ ಮಾಳಿಗೆಗೆ ಎಂದು ಹಾಕಿದ ಕಾಲಂ ಅವು.

ಗಚ್ಚಿನಮನಿ_ವಿಜಾಪುರ
ಅದು ಸರಿ ಸರ. ಆದ್ರ ಹ್ಯಾಮರ್ ಯಾಕ ಇಷ್ಟು ಹೆಚ್ಚು ತೋರಿಸ್ತು? ಹೊಡದವರು ಅನುಭವಸ್ಥರು, ಹ್ಯಾಮರೂ ಹೊಸಾದು.

ಲ್ಯಾಬ್_ಅಕ್ಕ
ಹ್ಯಾಮರ್ ಹೊಸದಿದ್ದರೂ ಅವತ್ತು ಆ್ಯನ್ವಿಲ್ ಮೇಲೆ ಹೊಡೆದು ನೋಡಿದ್ದರೋ ಕೇಳಿ. ಎನ್ ಮಾದರಿಯ ಹ್ಯಾಮರಿಗೆ ಉಕ್ಕಿನ ಆ್ಯನ್ವಿಲ್ ಮೇಲೆ 80ರ ಆಸುಪಾಸು, ಎರಡು ಹೆಚ್ಚು-ಕಡಿಮೆ, ಬರಬೇಕು. ಒಳಗೆ ಧೂಳು ತುಂಬಿದ್ದರೆ ಕಮ್ಮಿ ಬರುತ್ತದೆ, ಹೆಚ್ಚು ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಕರಣದಲ್ಲಿ ಹ್ಯಾಮರಿನ ದೋಷ ಇರಲಿಕ್ಕಿಲ್ಲ. ದೋಷ ಕಾಂಕ್ರೀಟಿನ ಮೈಯಲ್ಲಿದೆ.

ಸುಮಾರು ನಲವತ್ತು ವರ್ಷ ಗಾಳಿ ಕುಡಿದ ಕಾಂಕ್ರೀಟಿನ ಮೇಲ್ಪದರ ಕಾರ್ಬೊನೇಟ್ ಆಗಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸಿಮೆಂಟಿನ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಸೂಕ್ಷ್ಮ ರಂಧ್ರ ಮುಚ್ಚುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಹ್ಯಾಮರ್ ಬಡಿಯುವುದು ಆ ಚರ್ಮಕ್ಕೇ, ಒಳಗಿನ ಕೆಲವೇ ಸೆಂಟಿಮೀಟರ್ ಮಾತ್ರ ಅದಕ್ಕೆ ತಿಳಿಯುವುದು. ವಿಪರೀತ ಸಂದರ್ಭದಲ್ಲಿ ಅಂದಾಜು ಶೇಕಡಾ 50ರವರೆಗೂ ಹೆಚ್ಚು ತೋರಿಸಬಹುದು ಎಂದು ಹಳೆಯ ಐಎಸ್ 13311ರಲ್ಲೇ ಬರೆದಿತ್ತು. ನಿಮ್ಮ 23ಕ್ಕೆ 15.5 ನೋಡಿ, ಹೆಚ್ಚುಕಡಿಮೆ ಅಷ್ಟೇ.

ಕೋರಿನ ತುಂಡುಗಳನ್ನು ಲ್ಯಾಬಿನವರು ಬಿಸಾಡದಿದ್ದರೆ ತರಿಸಿಕೊಳ್ಳಿ. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿ. ಒಳಗೆ ಗುಲಾಬಿ ಬಣ್ಣ ಬರುತ್ತದೆ, ಹೊರಗಿನ ಬಣ್ಣ ಬಾರದ ಪಟ್ಟಿ ಎಷ್ಟು ಮಿಮೀ ಇದೆಯೋ ಅದೇ ಕಾರ್ಬೊನೇಶನ್. ಗರಗಸದಿಂದ ಕೊಯ್ದ ಮುಖಕ್ಕೆ ಹಾಕಬೇಡಿ, ಕೊಯ್ಯುವಾಗಿನ ನೀರು ಮತ್ತು ಪುಡಿ ಮೆತ್ತಿ ಮೋಸ ಆಗುತ್ತದೆ.

ಖಡಿ_ಮಷಿನ್
ಅದಕ್ಕ ಉಪಾಯ ಸುಲಭ ಅದ. ಗ್ರೈಂಡರ್ ಹಿಡದು ಆ ಚರ್ಮ ತಗದು ಮತ್ತ ಹ್ಯಾಮರ್ ಹೊಡಿರಿ.

ಸೈಟ್_ಮುಧೋಳ
ಗ್ರೈಂಡರ್ ಹಿಡದು ಎಷ್ಟು ತಗೀತೀರಿ? ಹಳೆ ಸಡ್ಲ ಕಾಂಕ್ರೀಟಿನಾಗ 20-25 ಮಿಮೀ ಇಳದಿರತೈತಿ. ಅಷ್ಟು ತಗದ್ರ ರಿಂಗ್ ಕಾಣತಾವ. ಮ್ಯಾಲೆ ಖಡಿ ಬಾಯಿ ತೆರಕೊಂಡು ನಿಲ್ಲತಾವ. ಖಡಿ ಮ್ಯಾಲೆ ಹೊಡದ್ರ 45, ನಡುವಿನ ಗಾರಿ ಮ್ಯಾಲೆ ಹೊಡದ್ರ 22. ಅದರ ಸರಾಸರಿಗೆ ಏನೂ ಅರ್ಥ ಇಲ್ಲ.

ಖಡಿಯ ಮಾತು ಬಂತು ಅಂತ ಇನ್ನೊಂದು. ಹ್ಯಾಮರ್ ಮ್ಯಾಲಿನ ಚಾರ್ಟ್ ನಮ್ಮ ಖಡಿ ನೋಡಿ ಮಾಡಿದ್ದಲ್ಲ. ವಿಜಾಪುರ ಕಡೆ ಕಪ್ಪು ಕಲ್ಲಿನ ಖಡಿ. ನಮ್ಮ ಕಡೆ ಹಳೆ ಕೆಲಸದಾಗ ಸುಣ್ಣದ ಕಲ್ಲಿನ ಖಡಿ ಹಾಕಿದ್ದೂ ಇರತೈತಿ. ಅದೇ ಬಲದ ಕಾಂಕ್ರೀಟ್ ಇದ್ರೂ ಸುಣ್ಣದ ಕಲ್ಲಿಗೆ ಹ್ಯಾಮರ್ ಕಡಿಮಿ ಪುಟಿಯುತೈತಿ. ಊರಿಂದ ಊರಿಗೆ ಒಂದೇ ಚಾರ್ಟ್ ಓಡಸಾಕ ಬರೂದಿಲ್ಲ.

ಟೀ_ಬ್ರೇಕ್
ಹಂಗಾದ್ರ ಹ್ಯಾಮರ್ ತಗೊಂಡು ಭಾವಿಗೆ ಒಗಿಬೇಕಾ?

ಬೆಳಗಾವಿ_ಸ್ಟ್ರಕ್ಚರಲ್
ಒಗೆಯಬೇಡಿ, ಅದರ ಕೆಲಸ ಬೇರೆ. ಹ್ಯಾಮರಿನ ಚಾರ್ಟ್ ಅಂಕಿಯನ್ನು ಬಲ ಎಂದು ಬರೆಯಬಾರದು. ಕಾರ್ಬೊನೇಶನ್ ಇಲ್ಲದ ಕಾಂಕ್ರೀಟಿನಲ್ಲೇ ಶೇಕಡಾ 25 ಆಚೀಚೆ ಆಗುತ್ತದೆ ಎಂದು ಐಎಸ್ ಹೇಳುತ್ತದೆ. ಆದರೆ ಒಂದೇ ಕಟ್ಟಡದಲ್ಲಿ, ಒಂದೇ ಖಡಿ, ಒಂದೇ ವಯಸ್ಸು, ಒಂದೇ ಥರದ ಕಾರ್ಬೊನೇಶನ್ ಇರುವಲ್ಲಿ ಯಾವ ಕಾಲಂ ಯಾವುದಕ್ಕಿಂತ ಸಡಿಲ ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. 12 ಕಾಲಮಿಗೆ 12 ಕೋರ್ ತೆಗೆಯಲು ಆಗುವುದಿಲ್ಲ. ಹ್ಯಾಮರಿನಿಂದ ಇಡೀ ಕಟ್ಟಡದ ನಕ್ಷೆ ಮಾಡಿಕೊಂಡು, ಎಲ್ಲಿ ಕೋರ್ ತೆಗೆಯಬೇಕೆಂದು ಅದರ ಮೇಲೆ ನಿರ್ಧರಿಸಬೇಕು.

ಈಗ ನಿಮ್ಮ ಮೂರು ಜೋಡಿ ನೋಡಿ. ಹ್ಯಾಮರ್ 23ಕ್ಕೆ ಕೋರ್ 15.5, ವ್ಯತ್ಯಾಸ 7.5. ಹ್ಯಾಮರ್ 19ಕ್ಕೆ 11.7, ವ್ಯತ್ಯಾಸ 7.3. ಹ್ಯಾಮರ್ 28ಕ್ಕೆ 19.7, ವ್ಯತ್ಯಾಸ 8.3. ಮೂರೂ ಸುಮಾರು 7.7ರ ಹತ್ತಿರ ಇವೆ. ಅಂದರೆ ಹ್ಯಾಮರ್ ಏರಿಳಿತ ಸರಿಯಾಗಿ ಹಿಡಿದಿದೆ, ಮಟ್ಟ ಮಾತ್ರ ಮೇಲಿದೆ. ಚಾರ್ಟಿನ ಇಡೀ ಗೆರೆಯನ್ನು 7.7ರಷ್ಟು ಕೆಳಗಿಳಿಸಿದರೆ ಉಳಿದ ಒಂಬತ್ತು ಕಾಲಮಿಗೂ ಒಂದು ಅಂದಾಜು ಸಿಗುತ್ತದೆ. ಅವುಗಳ ಹ್ಯಾಮರ್ ಅಂಕಿ ಎಷ್ಟೆಷ್ಟು?

ಗಚ್ಚಿನಮನಿ_ವಿಜಾಪುರ
ಹೆಚ್ಚಿನವು 22ರಿಂದ 27. ಎರಡು ಮಾತ್ರ ಕಡಿಮಿ. ಹಿತ್ತಲ ಕಡೆ ಮೂಲಿ ಕಾಲಂ 17, ಅದರ ಮಗ್ಗಲಿಂದು 18. ಆ ಕಡೆ ಬಚ್ಚಲ ಅದ.

ಬೆಳಗಾವಿ_ಸ್ಟ್ರಕ್ಚರಲ್
17 ಇದ್ದದ್ದು ಈ ಲೆಕ್ಕದಲ್ಲಿ 9.3 ಆಗುತ್ತದೆ. ಕೋರ್ ತೆಗೆಯಬೇಕಾದದ್ದು ಅಲ್ಲಿ, ಆದರೆ ಅಲ್ಲಿಯೇ ತೆಗೆದಿಲ್ಲ.

ಲ್ಯಾಬ್_ಅಕ್ಕ
ಸರ್, ಒಂದು ತಕರಾರು. ಬಚ್ಚಲ ಕಡೆ ಕಾಲಂ ಹಸಿ ಇದ್ದರೆ ಹ್ಯಾಮರ್ ಕಡಿಮೆ ತೋರಿಸುತ್ತದೆ, ಶೇಕಡಾ 20ರಷ್ಟು ಇಳಿಯಬಹುದು. ಹಸಿ ಇರುವಲ್ಲಿ ಕಾರ್ಬೊನೇಶನ್ನೂ ನಿಧಾನ. ಹಾಗಾಗಿ 17 ಅಂದರೆ ಸಡಿಲ ಎನ್ನಲು ಬರುವುದಿಲ್ಲ. ಆ ಎರಡು ಕಾಲಮಿಗೆ ನಿಮ್ಮ 7.7 ಕಳೆಯುವುದೂ ನ್ಯಾಯವಲ್ಲ.

ಬೆಳಗಾವಿ_ಸ್ಟ್ರಕ್ಚರಲ್
ಒಪ್ಪಿದೆ. ಅದಕ್ಕೇ ಅಲ್ಲಿ ಕೋರ್ ಬೇಕು ಎಂದದ್ದು. ಹಸಿಯಿಂದ ಕಡಿಮೆ ಬಂದಿದ್ದರೆ ಕೋರ್ ಹೇಳುತ್ತದೆ, ನಿಜಕ್ಕೂ ಸಡಿಲ ಇದ್ದರೂ ಕೋರ್ ಹೇಳುತ್ತದೆ. ಊಹೆಗೆ ಬಿಡಬೇಡಿ.

ಇನ್ನೊಂದು, ಮೂರು ಜೋಡಿ ಬಹಳ ಕಡಿಮೆ. 2007ರ ಯುರೋಪಿನ ಇಎನ್ 13791 ಹೀಗೆ ಗೆರೆ ಸರಿಸಲು ಕನಿಷ್ಠ 9 ಜೋಡಿ ಕೇಳುತ್ತಿತ್ತು. ಮೂರು ಚುಕ್ಕೆ ಒಂದೇ ಸಾಲಿನಲ್ಲಿ ಬಂದದ್ದು ನಿಮ್ಮ ಅದೃಷ್ಟವೂ ಇರಬಹುದು.

ಖಡಿ_ಮಷಿನ್
12 ಕಾಲಂದಾಗ 9 ತೂತು ಕೊರದ್ರ ಮಾಳಿಗಿ ಏರಸೂದ ಬ್ಯಾಡ, ಇದ್ದದ್ದ ಇಳೀತದ 😄

ಕೋರ್ ಕಟಿಂಗ್_ಬಾಗಲಕೋಟಿ
ನಗೂ ಮಾತಲ್ರಿ ಅದು. 75 ಮಿಮೀ ಬಿಟ್ಟಿನಿಂದ ಕೊರದ್ರ 69ರ ಕೋರ್ ಬರತೈತಿ, ತೂತು 75. 380ರ ಮುಖದಾಗ ಅದು ಐದನೇ ಒಂದು ಪಾಲು. ಸುಮ್ಮ ಕೊರಿಯಾಕ ಬರೂದಿಲ್ಲ. ಮೊದಲ ಬೀಮಿನ ಕೆಳಗ ಜಾಕ್ ಹಚ್ಚಬೇಕು, ಒಂದು ಕಾಲಂ ಮುಗದು ತುಂಬಿ ಗಟ್ಟಿ ಆಗೂತನಕ ಮಗ್ಗಲ ಕಾಲಂ ಮುಟ್ಟಬಾರದು.

ಮುಖ್ಯ ರಾಡ್ ಕೊಯ್ಯಬಾರದು. ರಿಬಾರ್ ಲೊಕೇಟರ್ ಹಿಡದು ಉದ್ದ ರಾಡೂ ರಿಂಗೂ ಎರಡೂ ಸೀಮೆಸುಣ್ಣದಿಂದ ಗುರ್ತು ಹಾಕಿ, ಎರಡು ರಿಂಗಿನ ನಡುವ, ಎರಡು ರಾಡಿನ ನಡುವ ಬಿಟ್ ಇಡಬೇಕು. ಕೋರ್ ಬಿ ಒಳಗ ರಿಂಗ್ ಬಂದದ್ದು ಅಂದ್ರ ಲೊಕೇಟರ್ ಹಿಡಿದಿಲ್ಲ, ಇಲ್ಲಾ ಬೀಮಿನ ಹತ್ರ ರಿಂಗ್ ಒತ್ತಾಗಿದ್ದಕ್ಕ ಜಾಗ ಸಿಗಲಿಲ್ಲ. ಅದರಿಂದ ಕೋರ್ ಗಿಡ್ಡ ಆತು, 76ಕ್ಕ ಬಂತು.

ಮಷಿನ್ನಿನ ಬುಡ ಬೋಲ್ಟ್ ಹಾಕಿ ಬಿಗೀಬೇಕು. ಅಲಗಾಡಿದ್ರ ಕೋರ್ ಮೈ ತಿರುಪಿನಂಗ ಅಲೆ ಅಲೆ ಬರತೈತಿ, ಅಂಥಾ ಕೋರ್ ಲ್ಯಾಬಿನಾಗ ಲಗೂನ ಒಡೀತೈತಿ. ಕೋರ್ ಒಳಗ ಖಡಿ ಸುತ್ತ ಗೀರು ಕಂಡ್ರೂ ಅಷ್ಟೇ, ಅದು ಕೊರದವನ ತಪ್ಪು, ಕಾಂಕ್ರೀಟಿಂದು ಅಲ್ಲ. ಕೋರಿನ ಫೋಟೋ ನೋಡದ ಅಂಕಿ ನಂಬಬ್ಯಾಡ್ರಿ.

ಸೈಟ್_ಮುಧೋಳ
69ರ ಕೋರ್ ನಡೀತೈತೇನು? ಖಡಿ ಎಷ್ಟು ದೊಡ್ಡದಿತ್ತು?

ಗಚ್ಚಿನಮನಿ_ವಿಜಾಪುರ
ಕೋರಿನಾಗ ಕಂಡದ್ದು 20 ಮಿಮೀ ಖಡಿ. ಒಂದೆರಡು ದೊಡ್ಡವೂ ಇದ್ದವು.

ಸೈಟ್_ಮುಧೋಳ
20ಕ್ಕ ಮೂರು ಪಟ್ಟು 60, ಹಂಗಾಗಿ 69 ನಡೀತೈತಿ. 40ರ ಖಡಿ ಇದ್ದಿದ್ರ ನಡೀತಿರಲಿಲ್ಲ. ಒಂದು ದೊಡ್ಡ ಖಡಿ ಕೋರಿನ ಅರ್ಧ ಅಗಲ ತಿಂದ್ರ ಅದು ಕಲ್ಲಿನ ಪರೀಕ್ಷೆ ಆಗತೈತಿ, ಕಾಂಕ್ರೀಟಿಂದಲ್ಲ.

ಲ್ಯಾಬ್_ಅಕ್ಕ
ಕೋರನ್ನು ನೀರಿನಲ್ಲಿ ನೆನೆಸಿ ಒಡೆದರೋ, ಒಣ ಇದ್ದಾಗ ಒಡೆದರೋ ಅದನ್ನೂ ಕೇಳಿ. ಒಣ ಕೋರ್ ಶೇಕಡಾ 10-15 ಹೆಚ್ಚು ತೋರಿಸುತ್ತದೆ. ಒಳಗಿನ ಒಣ ಕಾಲಂಗೆ ಒಣ ಅಂಕಿಯೇ ನಿಜಕ್ಕೆ ಹತ್ತಿರ ಎಂದು ವಾದಿಸುವವರೂ ಇದ್ದಾರೆ. ಆದರೆ ಒಂದು ಕಟ್ಟಡದ ಎಲ್ಲ ಕೋರಿಗೂ ಒಂದೇ ರೀತಿ ಇರಬೇಕು, ವರದಿಯಲ್ಲಿ ಬರೆದಿರಬೇಕು.

ಗಚ್ಚಿನಮನಿ_ವಿಜಾಪುರ
ಫೋನ್ ಮಾಡಿ ಕೇಳಿದೆ. ನೆನಸಿ ಒಡದಾರಂತ. ತುಂಡೂ ಇಟ್ಟಾರ. ಅವರೇ ಫಿನಾಲ್ಫ್‌ಥಲೀನ್ ಹಾಕಿ ನೋಡಿದ್ರು: ಎ ಮತ್ತ ಸಿ ಸುಮಾರು 20-22 ಮಿಮೀ ಬಣ್ಣ ಬಂದಿಲ್ಲ, ಬಿ 28.

ಲ್ಯಾಬ್_ಅಕ್ಕ
ಅದೇ ನೋಡಿ. ಹ್ಯಾಮರ್ ಹೊಡೆದದ್ದೆಲ್ಲ ಆ ಗಟ್ಟಿ ಚರ್ಮಕ್ಕೆ. ಇನ್ನೊಂದು ಚಿಂತೆಯನ್ನೂ ಬರೆದುಕೊಳ್ಳಿ, ರಿಂಗಿನ ಕವರ್ 25 ಇದ್ದರೆ ಬಿ ಹತ್ತಿರ ಕಾರ್ಬೊನೇಶನ್ ಕಬ್ಬಿಣ ಮುಟ್ಟಿದೆ. ಬಲದ ಮಾತು ಬೇರೆ, ತುಕ್ಕಿನ ಮಾತು ಬೇರೆ.

ಎರಿಹೊಲ
ತುಕ್ಕು ಅಂದ್ರೆ ನೆನಪಾತು. ಡೋಣಿ ಸಾಲಿನ ಸವಳ ನೀರಾಗ ಕಾಂಕ್ರೀಟ್ ಕಲಸಿದ್ರ ಹ್ಯಾಮರಿಗೆ ಗೊತ್ತಾಗತದೇನ್ರಿ?

ಲ್ಯಾಬ್_ಅಕ್ಕ
ಈ ಸಲ ಒಳ್ಳೆ ಪ್ರಶ್ನೆ. ಗೊತ್ತಾಗುವುದಿಲ್ಲ. ಕೋರಿನ ಬಲದಲ್ಲೂ ಗೊತ್ತಾಗುವುದಿಲ್ಲ. ಕ್ಲೋರೈಡ್ ಇದ್ದರೂ ಕಾಂಕ್ರೀಟ್ ಗಟ್ಟಿಯೇ ಇರಬಹುದು, ಒಳಗೆ ರಾಡ್ ತಿನ್ನುತ್ತಿರುತ್ತದೆ. ಅದಕ್ಕೆ ಕೋರಿನ ಪುಡಿ ತೆಗೆದು ಕ್ಲೋರೈಡ್ ಪರೀಕ್ಷೆ ಮಾಡಿಸಬೇಕು. ಒಡೆದ ಕೋರಿನ ಪುಡಿಯೇ ಸಾಕು, ಹೊಸ ತೂತು ಬೇಡ.

ಖಡಿ_ಮಷಿನ್
ಮತ್ತ ಹಳೆ ಪ್ರಶ್ನೆಗೆ ಬರೋಣ. ಬಿ ಕೋರ್ ಲೆಕ್ಕಕ್ಕ ಹಿಡಿಯೋದೇ ತಪ್ಪು. ಗಿಡ್ಡ ಕೋರ್, ರಿಂಗ್ ತಾಗಿದ್ದು, ಅದೂ ಕಾಲಂ ತುದಿ. ಕಾಲಂ ಹಾಕುವಾಗ ನೀರು ಮ್ಯಾಲೆ ಏರತದ, ಖಡಿ ಕೆಳಗ ಕೂಡತದ. ತುದಿ ಯಾವಾಗಲೂ ಸಡ್ಲನೇ ಇರತದ. ಅದನ್ನ ಬಿಟ್ಟು ಎ ಮತ್ತ ಸಿ ಹಿಡಿರಿ, 17-18 ಬರತದ.

ಬೆಳಗಾವಿ_ಸ್ಟ್ರಕ್ಚರಲ್
ತುದಿ ಸಡಿಲ ಎಂಬುದು ನೂರಕ್ಕೆ ನೂರು ನಿಜ. ಅದಕ್ಕೇ ಕಟ್ಟಡವನ್ನು ಹೋಲಿಸುವ ಕೋರನ್ನು ಕಾಲಮಿನ ನಡುವಿನ ಭಾಗದಲ್ಲಿ ತೆಗೆಯಬೇಕು. ಒಂದು ತುದಿಗೆ, ಒಂದು ಬುಡಕ್ಕೆ ತೆಗೆದರೆ ಕಾಲಂ-ಕಾಲಮಿನ ವ್ಯತ್ಯಾಸವೋ ಎತ್ತರದ ವ್ಯತ್ಯಾಸವೋ ತಿಳಿಯುವುದಿಲ್ಲ. ನಿಮ್ಮ 11.7 ಮತ್ತು 19.7ರ ನಡುವಿನ ಅಂತರದಲ್ಲಿ ಎತ್ತರದ ಪಾಲು ಎಷ್ಟೆಂದು ಈಗ ಬಿಡಿಸಲು ಬರುವುದಿಲ್ಲ.

ಆದರೆ ಬಿ ಬಿಟ್ಟುಬಿಡಿ ಎನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕಾಲಂ ಒಡೆಯುವುದು ಸರಾಸರಿಯಲ್ಲಿ ಅಲ್ಲ, ಸಡಿಲ ಇರುವಲ್ಲಿ. ಬೀಮಿನ ಕೆಳಗಿನ ಆ ಒಂದು ಗೇಣು ಪೂರ್ತಿ ಭಾರ ಹೊರುತ್ತದೆ, ಬಾಗುವ ಬಲವೂ ಅಲ್ಲೇ ಹೆಚ್ಚು.

ಸೈಟ್_ಮುಧೋಳ
ಆದ್ರ ಸರ, ಡಿಸೈನ್ ಮಾಡೂವಾಗ ಗ್ರೇಡ್ ಅಂತ ಹಿಡಿಯೂದು ಕ್ಯೂಬಿಂದು. ಕಾಲಂ ತುದಿ ಸಡ್ಲ ಇರೂದೆಲ್ಲ 1.5 ಸುರಕ್ಷಾ ಗುಣಕದಾಗ ಸೇರೇ ಐತಿ. ತುದಿಯ ಕೋರ್ ಹಿಡದು ಮತ್ತ 1.5ರಿಂದ ಭಾಗಿಸಿದ್ರ ಒಂದೇ ಪಾಪಕ್ಕ ಎರಡು ಸಲ ದಂಡ ಹಾಕಿದಂಗ.

ಬೆಳಗಾವಿ_ಸ್ಟ್ರಕ್ಚರಲ್
ಈ ವಾದಕ್ಕೆ ತೂಕ ಇದೆ. ಕೆಲವರು ಕೋರ್ ನೇರ ಅಳತೆ ಎಂದು ಗುಣಕವನ್ನು ಸ್ವಲ್ಪ ಇಳಿಸುತ್ತಾರೆ. ಎಷ್ಟು ಇಳಿಸಬಹುದು ಎನ್ನುವುದರಲ್ಲಿ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಮೂರೇ ಕೋರ್ ಇದ್ದಾಗ ನಾನು ಇಳಿಸುವುದಿಲ್ಲ.

ಅಂಕಿಯ ಪರಿಣಾಮ ನೋಡಿ. 230×380 ಕಾಲಂ, ಆರು 12 ಮಿಮೀ ಟಾರ್ ರಾಡ್ ಎಂದುಕೊಳ್ಳಿ (ನಿಮ್ಮದು ಎಷ್ಟೆಂದು ಒಡೆದು ನೋಡಿ). ಐಎಸ್ 456ರ ಗಿಡ್ಡ ಕಾಲಮಿನ ಸೂತ್ರ:

```
Pu = 0.4 fck Ac + 0.67 fy Asc
```

ಇಲ್ಲಿ fck ಕಾಂಕ್ರೀಟಿನ ಬಲ, Ac ಕಾಂಕ್ರೀಟಿನ ಕ್ಷೇತ್ರಫಲ, fy ರಾಡಿನ ಬಲ, Asc ರಾಡುಗಳ ಕ್ಷೇತ್ರಫಲ. ಆರು ರಾಡಿನ ಪಾಲು ಸುಮಾರು 189 ಕಿಲೋನ್ಯೂಟನ್, ಅದು ಬದಲಾಗುವುದಿಲ್ಲ. ಹ್ಯಾಮರ್ ವರದಿಯ 24 ಹಾಕಿದರೆ ಕಾಂಕ್ರೀಟ್ ಪಾಲು 832, ಒಟ್ಟು 1021. ಬಿ ಕೋರಿನ 11.7ಕ್ಕಿಂತ ಸ್ವಲ್ಪ ಕೆಳಗೆ 11 ಹಾಕಿದರೆ ಕಾಂಕ್ರೀಟ್ ಪಾಲು 382, ಒಟ್ಟು 570. ಭಾರಕ್ಕೆ ಹಾಕುವ 1.5 ಗುಣಕದಿಂದ ಭಾಗಿಸಿದರೆ ದಿನನಿತ್ಯ ಹೊರಬಹುದಾದ ಭಾರ ಒಂದು ಲೆಕ್ಕದಲ್ಲಿ 681, ಇನ್ನೊಂದರಲ್ಲಿ 380. ಸುಮಾರು ಅರ್ಧ. "ಎಂ20ಕ್ಕಿಂತ ಚಲೋ" ಎಂದು ಬರೆದ ಆ ಒಂದು ಸಾಲು ಇಷ್ಟು ದೂರ ತಪ್ಪಿಸಬಲ್ಲದು.

ಟೀ_ಬ್ರೇಕ್
ನಡುವಿನ ಕಾಲಂಗೆ ಈಗ ಎಷ್ಟು ಭಾರ ಬೀಳತಿದೆ ಅದನ್ನ ಯಾರೂ ಕೇಳಲೇ ಇಲ್ಲ.

ಬೆಳಗಾವಿ_ಸ್ಟ್ರಕ್ಚರಲ್
ಹೌದು, ಅದೇ ಮುಂದಿನ ಲೆಕ್ಕ. ಕಾಲಂ ಅಂತರ, ಸ್ಲ್ಯಾಬ್ ದಪ್ಪ, ಗೋಡೆ ಇಲ್ಲದೆ ಹೇಳಲು ಬರುವುದಿಲ್ಲ. ಸಾಮಾನ್ಯವಾಗಿ ಹೆಚ್ಚು ಭಾರ ಬೀಳುವುದು ಅಂಗಡಿಯ ನಡುವಿನ ಕಾಲಂಗಳ ಮೇಲೆ, ಮೂಲೆಯವುಗಳ ಮೇಲಲ್ಲ. ಎರಿ ನೆಲದಲ್ಲಿ ಬುಡದ ಫುಟಿಂಗ್ ಎಷ್ಟು ಅಗಲ ಇದೆ ಎನ್ನುವುದನ್ನೂ ಒಂದು ಕಡೆ ಅಗೆದು ನೋಡಲೇಬೇಕು. @ಎರಿಹೊಲ ಅವರ ಮಾತು ಪೂರ್ತಿ ಆಚೆಯದಲ್ಲ.

ಎರಿಹೊಲ
ಕೇಳಿದಿರೇನು @ಟೀ_ಬ್ರೇಕ್ 😌

ಗಚ್ಚಿನಮನಿ_ವಿಜಾಪುರ
ಸರ, ಹಂಗಾದ್ರ ಇನ್ನ ಎಷ್ಟು ಕೋರ್, ಎಲ್ಲಿ ತಗಸೋದು? ನಮ್ಮ ತಮ್ಮ ಅಲ್ಟ್ರಾಸಾನಿಕ್ ಮಾಡಸೋಣ, ತೂತು ಬ್ಯಾಡ ಅಂತಾನ.

ಲ್ಯಾಬ್_ಅಕ್ಕ
ಅಲ್ಟ್ರಾಸಾನಿಕ್ ಒಳಗೆ ಪೊಳ್ಳು ಇದೆಯೇ, ಹನಿಕೋಂಬ್ ಇದೆಯೇ ಹೇಳುತ್ತದೆ. ಎರಡೂ ಬದಿ ಎದುರುಬದುರು ಪ್ರೋಬ್ ಇಡಬೇಕು, ಎರಡೂ ಬದಿ ಗಿಲಾವು ತೆಗೆಯಬೇಕು. ಸೆಕೆಂಡಿಗೆ 3.5 ಕಿಮೀಗಿಂತ ಕಡಿಮೆ ಬಂದರೆ ಅನುಮಾನ ಪಡಬೇಕು. ಆದರೆ ಬಲದ ಅಂಕಿಗೆ ಅದಕ್ಕೂ ಕೋರೇ ಆಧಾರ. ಹ್ಯಾಮರ್ ಜೊತೆ ಮಾಡಿಸಿದರೆ ಒಳ್ಳೆಯದೇ, ಬಚ್ಚಲ ಕಡೆಯ ಎರಡು ಕಾಲಂಗೆ ಖಂಡಿತ ಮಾಡಿಸಿ.

ಬೆಳಗಾವಿ_ಸ್ಟ್ರಕ್ಚರಲ್
ನನ್ನ ಸಲಹೆ: ಬಚ್ಚಲ ಕಡೆಯ 17 ಮತ್ತು 18ರಲ್ಲಿ ಒಂದೊಂದು, ಹೆಚ್ಚು ಭಾರದ ನಡುವಿನ ಕಾಲಂ ಒಂದರಲ್ಲಿ ಒಂದು. ಮೂರೂ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ. ಕೊರೆಯುವ ಮುನ್ನ ಅದೇ ಚುಕ್ಕೆಯ ಸುತ್ತ ಹ್ಯಾಮರ್ ಮತ್ತೆ ಹೊಡೆಯಿರಿ. ಒಣ ಮೈ, ಅಂಚಿನಿಂದ ದೂರ, ಒಂದೇ ಚುಕ್ಕೆಗೆ ಎರಡು ಸಲ ಬೇಡ, ಹ್ಯಾಮರ್ ಮೈಗೆ ನೆಟ್ಟಗೆ. ಕಾಲಂ ಕೊರೆದದ್ದು ಸಾಕೆನಿಸಿದರೆ ಅದೇ ಕಾಲದಲ್ಲಿ ಹಾಕಿದ ಬೀಮುಗಳ ನಡುವಿನ ಎತ್ತರದಲ್ಲಿ, ಆಧಾರದಿಂದ ದೂರ, ಒಂದೆರಡು ತೆಗೆಯಬಹುದು. ಆದರೆ ಬೀಮ್ ಬೇರೆ ದಿನ ಹಾಕಿದ ಮಾಲು, ಅದರ ಅಂಕಿಯನ್ನು ಕಾಲಮಿನ ಜೊತೆ ಕಲಸಬೇಡಿ.

ಖಡಿ_ಮಷಿನ್
ಇಷ್ಟೆಲ್ಲಾ ಮಾಡೋದಕ್ಕಿಂತ ಆ ಕಾಲಂಗಳಿಗೆ ಸುತ್ತ ಜಾಕೆಟ್ ಹಾಕಿಬಿಟ್ರ ಮುಗೀತಲ್ಲ?

ಸೈಟ್_ಮುಧೋಳ
ಜಾಕೆಟ್ ಹಾಕಾಕೂ ಒಳಗಿನ ಕಾಂಕ್ರೀಟ್ ಎಷ್ಟು ಅಂತ ಗೊತ್ತಿರಬೇಕಲ್ರಿ, ಇಲ್ಲಾಂದ್ರ ಎಷ್ಟು ದಪ್ಪ ಹಾಕ್ತೀರಿ? ಫುಟಿಂಗ್ ಒಳಗ ರಾಡ್ ಹೆಂಗ ಇಳಸ್ತೀರಿ? ಅಂಗಡಿ ಬಾಗಲದಾಗ ಜಾಗ ಎಲ್ಲಿ?

ಗಚ್ಚಿನಮನಿ_ವಿಜಾಪುರ
ಜಾಗ ಇಲ್ಲ, ಶಟರ್ ಕಾಲಂಗೇ ತಾಗ್ಯಾವ. ಮೂರು ಕೋರ್ ಮತ್ತ ತಗಸ್ತೀನಿ. ಕೋರ್ ಕಟಿಂಗ್ ಅಣ್ಣಾರ, ಹಳೆ ಮೂರು ತೂತು ಗೌಂಡಿ ಸಿಮೆಂಟ್ ಉಸುಕು ಕಲಸಿ ಮೆತ್ಯಾನ. ಅದು ನಡೀತದೇನು?

ಕೋರ್ ಕಟಿಂಗ್_ಬಾಗಲಕೋಟಿ
ನಡ್ಯಾಂಗಿಲ್ರಿ. ಸಾದಾ ಗಾರಿ ಒಣಗಿದ ಮ್ಯಾಲೆ ಕುಗ್ಗಿ ಮ್ಯಾಲಿನ ಅಂಚಿನಾಗ ಕೂದಲೆಳೆ ಸೀಳು ಬಿಡತೈತಿ, ಭಾರ ಆ ತೂತಿನ ಮೂಲಕ ಹಾಯೂದಿಲ್ಲ. ಬಡದು ನೋಡ್ರಿ, ಟೊಳ್ಳು ಸಪ್ಪಳ ಬಂದ್ರ ತಗಸ್ರಿ. ಒಳಮೈ ಬಿಟ್ಟಿನಿಂದ ನುಣ್ಣಗ ಆಗಿರತೈತಿ, ಅದನ್ನ ಉಳಿಯಿಂದ ಕೆರದು ಒರಟು ಮಾಡಬೇಕು, ಹಿಂದಿನ ದಿನಾನೇ ನೀರು ಉಣಿಸಿ, ತುಂಬೂವಾಗ ಒಳಗ ನೀರು ನಿಂತಿರಬಾರದು. ನಾನ್-ಶ್ರಿಂಕ್ ಗ್ರೌಟ್ ಗಟ್ಟಿಯಾಗಿ ಕಲಸಿ, ಹಿಂದಿನಿಂದ ಮುಂದಕ್ಕ ಒಂದು ಕಟ್ಟಿಗಿ ಹಿಡದು ಪದರ ಪದರ ಬಡದು ತುಂಬಬೇಕು. ಗ್ರೌಟ್ ಗಟ್ಟಿ ಆಗೂತನಕ ಜಾಕ್ ತಗೀಬ್ಯಾಡ್ರಿ. ಬಿ ತೂತು ಮೊದಲ ನೋಡ್ರಿ, ಬೀಮಿನ ಬುಡಕ್ಕ ಇರೂದು ಅದು.

ಟೀ_ಬ್ರೇಕ್
ಹೊಸ ಮೂರರ ಅಂಕಿ ಬಂದಮ್ಯಾಲೆ ಇಲ್ಲೇ ಹಾಕ್ರಿ. 17 ಬಂದ ಕಾಲಂ ಹಸಿಯೋ ಸಡಿಲವೋ, ಲ್ಯಾಬ್ ಅಕ್ಕಾರ ಮಾತು ಖರೇ ಆಗತದೋ ಸರ್ ಮಾತೋ ನೋಡೋಣ.

ಲ್ಯಾಬ್_ಅಕ್ಕ
ಎರಡೂ ಆಗಬಹುದು. ಹಾಕುವಾಗ ಉದ್ದ, ವ್ಯಾಸ, ಲೋಡ್ ಮೂರೂ ಬರೆಯಿರಿ, ಬರೀ ಎಂಪಿಎ ಬೇಡ.